ಮೂರು ಷೇರು, ಒಂದು ವರ್ಗಮೂಲ: ಕೋಷ್ಟಕದ ಸುಳ್ಳನ್ನು ಚೊಲೆಸ್ಕಿ ಹಿಡಿಯೋದು ಹೇಗೆ?

ಈ ಸಂಚಿಕೆಯಲ್ಲಿ ಸ್ವಲ್ಪ ಲೆಕ್ಕ ಇದೆ, ಕೈಗೆ ಪೆನ್ನು ಸಿಕ್ಕರೆ ಒಳ್ಳೇದು. ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಇಳಿದ ಮೇಲೆ ಇದನ್ನ ಓದ್ಕೊಳ್ಳಿ.

ಮೂರು ಷೇರುಗಳಿವೆ ಅಂದ್ಕೊಳ್ಳಿ. ಒಂದು ಏರಿದಾಗ ಇನ್ನೊಂದು ಎಷ್ಟರ ಮಟ್ಟಿಗೆ ಜೊತೆಗೆ ಏರುತ್ತೆ ಅನ್ನೋದನ್ನ ಕೊರಿಲೇಷನ್ ಅಂತೀವಿ. ಪೂರ್ತಿ ಜೊತೆಗಿದ್ದರೆ 1, ಸಂಬಂಧ ಇಲ್ಲದಿದ್ದರೆ 0, ಪೂರ್ತಿ ಎದುರುಬದುರಾದರೆ ಮೈನಸ್ 1. ಯಾರೋ ನಮ್ಮ ಕೈಗೆ ಈ ಕೋಷ್ಟಕ ಕೊಟ್ಟರು. ಅಂಕಿ ನಾನೇ ಆರಿಸಿದ್ದು, ಲೆಕ್ಕ ಸಲೀಸಾಗಲಿ ಅಂತ.

```
1     0.8   0.8
0.8   1     0.1
0.8   0.1   1
```

ಮೊದಲನೇ ಷೇರು ಉಳಿದ ಎರಡರ ಜೊತೆಗೂ ಗಟ್ಟಿಯಾಗಿ ಅಂಟಿಕೊಂಡಿದೆ, ಆದರೆ ಆ ಎರಡರ ನಡುವೆ ಮಾತ್ರ ಹೆಚ್ಚೇನೂ ಸಂಬಂಧ ಇಲ್ಲ. ಎಲ್ಲ ಸಂಖ್ಯೆಗಳೂ ಮಿತಿಯೊಳಗಿವೆ, ಕರ್ಣದಲ್ಲಿ 1 ಇದೆ, ಮೇಲಿನ ಅರ್ಧ ಕೆಳಗಿನ ಅರ್ಧದ ಕನ್ನಡಿ ಬಿಂಬ. ನೋಡೋಕೆ ಎಲ್ಲ ಸರಿ. ಆದರೆ ಇಂಥ ಮೂರು ಷೇರುಗಳು ಇರೋಕೆ ಸಾಧ್ಯವೇ ಇಲ್ಲ!

ಅದನ್ನ ಹೇಗೆ ಹೇಳ್ತೀವಿ? ಈ ಮೂರನ್ನ ಯಾವ ಪ್ರಮಾಣದಲ್ಲಿ ಕೊಂಡರೂ, ಮಾರಿದರೂ, ಒಟ್ಟು ಏರಿಳಿತದ ಅಳತೆ, ಅಂದ್ರೆ ವೇರಿಯನ್ಸ್, ಮೈನಸ್ ಆಗೋ ಹಾಗಿಲ್ಲ. ಅದು ವರ್ಗಗಳ ಸರಾಸರಿ ತಾನೆ? ಎಲ್ಲವೂ ಸೊನ್ನೆಯಾಗಿಲ್ಲದ ಯಾವುದೇ ಪ್ರಮಾಣ ಹಾಕಿದರೂ ಉತ್ತರ ಸೊನ್ನೆಗಿಂತ ಜಾಸ್ತಿ ಬಂದರೆ ಆ ಮ್ಯಾಟ್ರಿಕ್ಸ್ ‘ಪಾಸಿಟಿವ್ ಡೆಫಿನಿಟ್’. ತೊಂದರೆ ಏನಂದ್ರೆ, ಪ್ರಮಾಣಗಳು ಲೆಕ್ಕವಿಲ್ಲದಷ್ಟಿವೆ. ಒಂದೊಂದಾಗಿ ಹಾಕಿ ನೋಡ್ತಾ ಕೂತರೆ ಮುಗಿಯಲ್ಲ.

ಇಲ್ಲಿ ಬರ್ತಾರೆ ಆಂದ್ರೆ-ಲೂಯಿ ಚೊಲೆಸ್ಕಿ. 1875ರಲ್ಲಿ ಹುಟ್ಟಿದ ಫ್ರೆಂಚ್ ಫಿರಂಗಿ ದಳದ ಅಧಿಕಾರಿ, ಕೆಲಸ ಭೂಮಾಪನ. ಸರ್ವೆ ಅಳತೆಗಳಲ್ಲಿರೋ ಸಣ್ಣಪುಟ್ಟ ತಪ್ಪುಗಳನ್ನ ಹೊಂದಿಸೋವಾಗ ಇಂಥ ಮ್ಯಾಟ್ರಿಕ್ಸ್‌ಗಳೇ ಎದುರಾಗ್ತವೆ, ಅದನ್ನ ಕೈಯಲ್ಲಿ ಬೇಗ ಬಿಡಿಸೋಕೆ ಅವರು ದಾರಿ ಹುಡುಕಿದ್ರು. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ವಿಧಾನ ಅಚ್ಚಾಗಿದ್ದು 1924ರಲ್ಲಿ, ಬೆನ್ವಾ ಅನ್ನೋ ಇನ್ನೊಬ್ಬ ಅಧಿಕಾರಿಯ ಕೈಯಿಂದ.

ವಿಧಾನ ಇಷ್ಟೇ: ಮ್ಯಾಟ್ರಿಕ್ಸ್ A ಅನ್ನ A = L Lᵀ ಅಂತ ಬರೆಯೋಕೆ ನೋಡೋದು. L ಅಂದ್ರೆ ಕರ್ಣ ಮತ್ತು ಅದರ ಕೆಳಗೆ ಮಾತ್ರ ಸಂಖ್ಯೆ ಇರೋ, ಮೇಲೆಲ್ಲ ಸೊನ್ನೆ ಇರೋ ತ್ರಿಕೋನ. Lᵀ ಅಂದ್ರೆ ಅದರದ್ದೇ ಟ್ರಾನ್ಸ್‌ಪೋಸ್, ಸಾಲನ್ನ ಕಾಲಂ ಮಾಡಿ ಬರೆದದ್ದು. ಹೀಗೆ ಬರೆಯೋಕೆ ಆಯ್ತು ಅಂದ್ರೆ, ಯಾವ ಪ್ರಮಾಣ x ಹಾಕಿದರೂ ವೇರಿಯನ್ಸ್ ಅನ್ನೋದು Lᵀx ಒಳಗಿನ ಸಂಖ್ಯೆಗಳ ವರ್ಗಗಳ ಮೊತ್ತ ಆಗಿಬಿಡುತ್ತೆ. ವರ್ಗಗಳ ಮೊತ್ತ ಮೈನಸ್ ಆಗಲ್ಲ. L ಕರ್ಣದಲ್ಲಿ ಸೊನ್ನೆ ಇಲ್ಲದಿದ್ದರೆ ಅದು ಸೊನ್ನೆಯೂ ಆಗಲ್ಲ. ಲೆಕ್ಕವಿಲ್ಲದಷ್ಟು ಪ್ರಮಾಣಗಳ ಪರೀಕ್ಷೆ ಒಂದೇ ಏಟಿಗೆ ಮುಗೀತು. ನನಗೆ ಈ ವಿಧಾನದಲ್ಲಿ ತುಂಬ ಇಷ್ಟವಾಗೋ ಜಾಗ ಇದು.

ಈಗ ನಮ್ಮ ಕೋಷ್ಟಕ. ಮೊದಲ ಸಾಲು: 1ರ ವರ್ಗಮೂಲ 1. ಅದರ ಕೆಳಗಿನವನ್ನ 1ರಿಂದ ಭಾಗಿಸಿದರೆ 0.8 ಮತ್ತು 0.8.

ಎರಡನೇ ಸಾಲಿನ ಕರ್ಣ: 1ರಲ್ಲಿ 0.8ರ ವರ್ಗ 0.64 ಕಳೆಯಿರಿ. ಉಳಿದದ್ದು 0.36, ವರ್ಗಮೂಲ 0.6. ಇದರ ಅರ್ಥ ಏನು ಗೊತ್ತಾ? ಎರಡನೇ ಷೇರಿನ ಏರಿಳಿತದಲ್ಲಿ 0.64 ಭಾಗಕ್ಕೆ ಮೊದಲನೇ ಷೇರೇ ಕಾರಣ ಹೇಳ್ತು, 0.36 ಮಾತ್ರ ಅದರ ಸ್ವಂತದ್ದು.

ಮೂರನೇ ಸಾಲು: ಎರಡು ಮತ್ತು ಮೂರನೇ ಷೇರಿನ ನಡುವೆ 0.1 ಅಂತ ಕೊಟ್ಟಿದ್ದಾರೆ. ಆದರೆ ಎರಡೂ ಮೊದಲನೇದರ ಹಿಂದೆ ಹೋಗೋದರಿಂದಲೇ 0.8 × 0.8 = 0.64 ಬರಬೇಕಿತ್ತು. ವ್ಯತ್ಯಾಸ ಮೈನಸ್ 0.54. ಅದನ್ನ 0.6ರಿಂದ ಭಾಗಿಸಿದರೆ ಮೈನಸ್ 0.9. ಕೊನೆಯ ಕರ್ಣಕ್ಕೆ 1ರಲ್ಲಿ 0.64 ಕಳೀಬೇಕು, ಆಮೇಲೆ 0.9ರ ವರ್ಗ 0.81 ಕಳೀಬೇಕು. ಜೇಬಲ್ಲಿರೋದು ಒಂದು ರೂಪಾಯಿ, ಖರ್ಚು ಒಂದು ರೂಪಾಯಿ ನಲವತ್ತೈದು ಪೈಸೆ. ಉಳಿದದ್ದು ಮೈನಸ್ 0.45, ಅದಕ್ಕೆ ವರ್ಗಮೂಲ ಇಲ್ಲ. ಲೆಕ್ಕ ಅಲ್ಲೇ ನಿಂತಿತು. ನಿಂತಿದ್ದೇ ಉತ್ತರ: ಈ ಮ್ಯಾಟ್ರಿಕ್ಸ್ ಪಾಸಿಟಿವ್ ಡೆಫಿನಿಟ್ ಅಲ್ಲ.

ನಂಬಿಕೆ ಬರಲಿಲ್ವಾ? ನಿಂತ ಜಾಗದಿಂದ ಹಿಂದಕ್ಕೆ ಬಂದರೆ ಸಾಕ್ಷಿನೂ ಸಿಗುತ್ತೆ. ಮೂರನೇ ಷೇರು 1 ಕೊಳ್ಳಿ. ಎರಡನೇ ಸಾಲಿನ ಲೆಕ್ಕ ಸೊನ್ನೆ ಆಗಬೇಕು, ಅಂದ್ರೆ 0.6b − 0.9 = 0, ಆಗ ಎರಡನೇದು 1.5. ಮೊದಲನೇದರ ಲೆಕ್ಕ a + 0.8 × 1.5 + 0.8 = 0, ಅಂದ್ರೆ a ಮೈನಸ್ 2: ಎರಡು ಷೇರು ಮಾರಬೇಕು. ಈಗ ವೇರಿಯನ್ಸ್ ಕೂಡಿ ನೋಡಿ. ವರ್ಗಗಳು 4 + 2.25 + 1 = 7.25. ಜೋಡಿಗಳಿಂದ 2 × (−2.4 − 1.6 + 0.15) = −7.7. ಒಟ್ಟು ಮೈನಸ್ 0.45, ಅದೇ ಸಂಖ್ಯೆ! ಕಡಿಮೆ ರಿಸ್ಕ್ ಇರೋ ಹೂಡಿಕೆ ಹುಡುಕು ಅಂತ ಒಂದು ಪ್ರೋಗ್ರಾಂಗೆ ಈ ಕೋಷ್ಟಕ ಕೊಟ್ಟರೆ, ಅದು ಇದೇ ಪ್ರಮಾಣವನ್ನ ಹತ್ತು ಪಟ್ಟು, ನೂರು ಪಟ್ಟು ಮಾಡ್ತಾ ಹೋಗುತ್ತೆ. ರಿಸ್ಕ್ ಇಳೀತಾನೇ ಇದೆ ಅನ್ನೋ ಭ್ರಮೆ. ಸಾಲ ಮಾತ್ರ ನಿಜ.

ಹಾಗಾದ್ರೆ 0.1ರ ಜಾಗದಲ್ಲಿ ಎಷ್ಟಿರಬಹುದಿತ್ತು? 0.28ಕ್ಕಿಂತ ಜಾಸ್ತಿ, 1ಕ್ಕಿಂತ ಕಮ್ಮಿ. 0.4 ಹಾಕಿ ನೋಡಿ, ಕೊನೆಗೆ 0.2 ಉಳಿಯುತ್ತೆ, ವರ್ಗಮೂಲ ಆರಾಮಾಗಿ ಬರುತ್ತೆ.

ಇಂಥ ಕೆಟ್ಟ ಕೋಷ್ಟಕ ಎಲ್ಲಿಂದ ಬರುತ್ತೆ? ಸಾಮಾನ್ಯವಾಗಿ ಬಿಟ್ಟುಹೋದ ದಿನಗಳಿಂದ. ಒಂದು ಷೇರಿಗೆ ಕೆಲವು ದಿನಗಳ ಬೆಲೆ ಇಲ್ಲ, ಇನ್ನೊಂದಕ್ಕೆ ಬೇರೆ ದಿನಗಳದ್ದಿಲ್ಲ. ಪಾಂಡಾಸ್‌ನ `corr()` ಪ್ರತಿ ಜೋಡಿಗೂ ಇಬ್ಬರ ಬೆಲೆಯೂ ಇರೋ ದಿನಗಳನ್ನ ಮಾತ್ರ ತಗೊಳ್ಳುತ್ತೆ. ಒಂದೊಂದು ಜೋಡಿಗೂ ಬೇರೆ ಬೇರೆ ದಿನಗಳು, ಹಾಗಾಗಿ ಸಂಖ್ಯೆಗಳು ಒಂದಕ್ಕೊಂದು ಹೊಂದದೇ ಹೋಗಬಹುದು. ಕೈಯಿಂದ ಒಂದು ಸಂಖ್ಯೆ ತಿದ್ದಿದರೂ ಇದೇ ಕಥೆ.

ಪೈಥಾನಲ್ಲಿ ಪರೀಕ್ಷೆ ಹೀಗೆ:

```python
import numpy as np
A = np.array([[1, .8, .8], [.8, 1, .1], [.8, .1, 1]])
print(np.allclose(A, A.T))
np.linalg.cholesky(A)
```

ಮೊದಲು `True` ಬರುತ್ತೆ, ಆಮೇಲೆ `LinAlgError`, ಜೊತೆಗೆ `Matrix is not positive definite`. ಮೂರನೇ ಸಾಲಿನ ಪರೀಕ್ಷೆಯನ್ನ ಬಿಡಬೇಡಿ. ನಮ್‌ಪೈನ ಈ ಫಂಕ್ಷನ್ ಕೆಳಗಿನ ಅರ್ಧವನ್ನ ಮಾತ್ರ ಓದುತ್ತೆ, ಮೇಲಿನ ಅರ್ಧದಲ್ಲಿ ಏನು ಕಸ ಇದ್ದರೂ ತುಟಿ ಪಿಟಕ್ ಅನ್ನಲ್ಲ.

ಇನ್ನೊಂದು ಎಚ್ಚರ ಗಡಿಯಲ್ಲಿ. ಸರಿಯಾಗಿ 0.28 ಹಾಕಿದರೆ ಕೊನೆಗೆ ಉಳಿಯೋದು ಸೊನ್ನೆ. ಆದರೆ ಕಂಪ್ಯೂಟರ್ ದಶಮಾಂಶಗಳನ್ನ ಸ್ವಲ್ಪ ಕತ್ತರಿಸಿ ಇಟ್ಕೊಳ್ಳುತ್ತೆ, ಹಾಗಾಗಿ ಸೊನ್ನೆಯ ಆಚೆಗೋ ಈಚೆಗೋ ಕೂದಲೆಳೆಯಷ್ಟು ಸರಿಯಬಹುದು. ಅಲ್ಲಿ ‘ಪಾಸ್’ ಬಂದರೂ ‘ಫೇಲ್’ ಬಂದರೂ ನಂಬೋ ಹಾಗಿಲ್ಲ, L ಕರ್ಣದ ಅತಿ ಚಿಕ್ಕ ಸಂಖ್ಯೆ ಎಷ್ಟು ಅಂತ ಕಣ್ಣಿಟ್ಟು ನೋಡ್ಬೇಕು. ಕರ್ಣಕ್ಕೆಲ್ಲ 0.000001 ಸೇರಿಸಿ ದಾಟಿಸೋ ಉಪಾಯ ಇಂಥ ಗಡಿ ಕೇಸಿಗೆ ಸರಿ. ನಮ್ಮ 0.1ರ ಕೋಷ್ಟಕಕ್ಕೆ ಅದು ಏನೇನೂ ಸಾಲದು. ಅಲ್ಲಿ 0.1 ಸೇರಿಸಿದರೆ ದೋಷ ಬರಲ್ಲ, ನಿಜ, ಆದರೆ ಕೆಟ್ಟಿರೋ ಬೆಲೆ ಪಟ್ಟಿ ಹಾಗೇ ಇರುತ್ತೆ. ಅಂಥ ಕಡೆ ನಾನಾದರೆ ಮೂರೂ ಷೇರುಗಳ ಬೆಲೆ ಇರೋ ದಿನಗಳನ್ನಷ್ಟೇ ಇಟ್ಕೊಂಡು, ಕೊರಿಲೇಷನ್‌ನ ಮೊದಲಿಂದ ಲೆಕ್ಕ ಹಾಕ್ತೀನಿ.