ಒಂದೇ ಶಾಟಿನಲ್ಲಿ ಬೆಂಕಿ, ಹೊಗೆ, ಮಳೆ, ಅಲೆ

ಮಲೆನಾಡಿನ ಒಂದು ತೊಟ್ಟಿಮನೆ. ಜೋರು ಮಳೆ. ಹೆಂಚಿನ ಸೂರಿನಿಂದ ನೀರು ತೊಟ್ಟಿಯೊಳಗೆ ಸುರಿಯುತ್ತಿದೆ. ಆಚೆ ಬದಿಯ ಬಚ್ಚಲಲ್ಲಿ ಹಂಡೆಯ ಒಲೆ ಉರಿಯುತ್ತಿದೆ, ಹಸಿ ಸೌದೆ ಹೊಗೆಯಾಡುತ್ತಿದೆ, ಒಲೆಯ ಮುಂದೆ ಒಬ್ಬ ಅಜ್ಜಿ ಕೂತಿದ್ದಾಳೆ. ಇದನ್ನು ಆನಿಮೇಷನ್ ಚಿತ್ರದ ನಾಲ್ಕು ಸೆಕೆಂಡಿನ ಶಾಟ್ ಅಂದುಕೊಳ್ಳಿ. ಅಜ್ಜಿ ಸೌದೆಯೊಂದನ್ನು ಒಳಗೆ ತಳ್ಳಿ ಸುಮ್ಮನಾಗುತ್ತಾಳೆ. ಅವಳನ್ನು ಬರೆಯುವುದಕ್ಕಿಂತ ಅವಳ ಸುತ್ತಲಿನ ಬೆಂಕಿ, ಹೊಗೆ, ನೀರು ಬರೆಯುವ ಕೆಲಸವೇ ಹೆಚ್ಚು.

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ನಾಲ್ಕು ಸೆಕೆಂಡಿಗೆ 96. ಪಾತ್ರಗಳ ಒಂದೊಂದು ಚಿತ್ರವನ್ನು ಸಾಮಾನ್ಯವಾಗಿ ಎರಡೆರಡು ಫ್ರೇಮು ನಿಲ್ಲಿಸುತ್ತಾರೆ. ಸೆಕೆಂಡಿಗೆ 12 ಚಿತ್ರ ಬರೆದರೂ ಕಣ್ಣಿಗೆ ಚಲನೆ ಕಾಣುತ್ತದೆ. ಆದರೆ ಮಳೆಗೆ ಇಷ್ಟು ಸಾಲದು, ಹೊಗೆಗೆ ಇಷ್ಟು ಬೇಡ. ಮಳೆ ಪ್ರತಿ ಫ್ರೇಮಿಗೂ ಬದಲಾಗಬೇಕು, ಹೊಗೆಯ ಒಂದು ಚಿತ್ರವನ್ನು ಮೂರು ಫ್ರೇಮು ನಿಲ್ಲಿಸಿದರೂ ನಡೆಯುತ್ತದೆ. ಹೀಗೆ ಒಂದೊಂದರ ಗತಿಯೂ ಬೇರೆಯಾದ್ದರಿಂದ ಒಂದೊಂದಕ್ಕೂ ಬೇರೆ ಪದರ, ಅಂದರೆ ಲೇಯರ್ ಬೇಕು. ಪಾರದರ್ಶಕ ಹಾಳೆಗಳ ಮೇಲೆ ಬರೆದು ಒಂದರ ಮೇಲೊಂದು ಇಟ್ಟು ಫೋಟೋ ತೆಗೆಯುತ್ತಿದ್ದ ಕಾಲದಲ್ಲೂ ಹೀಗೇ ಇತ್ತು. 1930ರ ದಶಕದಲ್ಲೇ ಡಿಸ್ನಿ ಸ್ಟುಡಿಯೋದಲ್ಲಿ ಇದಕ್ಕೆಂದೇ ಪ್ರತ್ಯೇಕ ಎಫೆಕ್ಟ್ಸ್ ವಿಭಾಗ ಇತ್ತು. ಈಗ ಹಾಳೆಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ವಿಂಗಡಣೆ ಬದಲಾಗಿಲ್ಲ.

ಮಳೆಯಿಂದಲೇ ಶುರುಮಾಡೋಣ. ನಮ್ಮ ಶಾಟಿನಲ್ಲಿ ಬೀಳುವ ನೀರು ಎರಡು ಥರದ್ದು. ಆಕಾಶದಿಂದ ಬರುವ ಹನಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಗಾಳಿಯ ತಡೆಯಿಂದಾಗಿ ಒಂದೇ ವೇಗಕ್ಕೆ ಬಂದಿರುತ್ತದೆ. ಎರಡು ಮಿಲಿಮೀಟರ್ ದಪ್ಪದ ಹನಿಯಾದರೆ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್. ಅಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅದು ಹೆಚ್ಚುಕಡಿಮೆ 27 ಸೆಂಟಿಮೀಟರ್ ಇಳಿದಿರುತ್ತದೆ. ಅದಕ್ಕೇ ಮಳೆಹನಿಯನ್ನು ಬೊಟ್ಟಿನ ಹಾಗೆ ಬರೆಯುವುದಿಲ್ಲ, ಗೀಟಿನ ಹಾಗೆ ಎಳೆಯುತ್ತಾರೆ. ಗೀಟುಗಳು ಸಮ ಅಂತರದಲ್ಲಿ ಇಳಿಯುತ್ತವೆ. ಮೂರು ಮೀಟರ್ ಎತ್ತರ ದಾಟಲು 11 ಫ್ರೇಮು ಸಾಕು.

ಸೂರಿನ ಹನಿಯ ಲೆಕ್ಕ ಬೇರೆ. ಅದು ಹೆಂಚಿನ ತುದಿಯಲ್ಲಿ ನಿಂತಲ್ಲಿಂದ ಹೊರಡುತ್ತದೆ. ಅದೇ ಮೂರು ಮೀಟರಿಗೆ ಅದಕ್ಕೆ 19 ಫ್ರೇಮು ಬೇಕು. ಮೊದಲ ಆರು ಫ್ರೇಮಿನಲ್ಲಿ ಬರೀ ಒಂದು ಅಡಿ ಇಳಿದಿರುತ್ತದೆ, ಕೊನೆಯ ಆರರಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು. ಮೇಲೆ ದುಂಡಗಿನ ಹನಿ, ಕೆಳಗೆ ಬರಬರುತ್ತ ಉದ್ದದ ಗೀಟು. ಎರಡೂ ಥರದ ನೀರನ್ನು ಒಂದೇ ವೇಗದಲ್ಲಿ ಬೀಳಿಸಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಸೂರು ಸುಳ್ಳು ಅನ್ನಿಸುತ್ತದೆ.

96 ಫ್ರೇಮಿಗೂ ಹೊಸ ಮಳೆ ಬರೆಯುವವರಿಲ್ಲ. ಕೆಲವೇ ಚಿತ್ರ ಬರೆದು ಅವನ್ನೇ ಮತ್ತೆ ಮತ್ತೆ ಓಡಿಸುತ್ತಾರೆ. ಇದಕ್ಕೆ ಸೈಕಲ್ ಅನ್ನುತ್ತಾರೆ. ಕಷ್ಟ ಇರುವುದು ಇಲ್ಲೇ. ಹತ್ತಿರದ ದಪ್ಪ ಮಳೆಗೆ 8 ಚಿತ್ರ, ದೂರದ ತೆಳು ಮಳೆಗೆ 12 ಚಿತ್ರ ಇಟ್ಟರೆ ಎರಡೂ 24 ಫ್ರೇಮಿಗೊಮ್ಮೆ ಒಟ್ಟಿಗೆ ಮೊದಲಿಗೆ ಬರುತ್ತವೆ. ಪರದೆ ಸೆಕೆಂಡಿಗೊಮ್ಮೆ ಮಿಡಿದಂತೆ ಕಾಣುತ್ತದೆ. ಅದೇ 7 ಮತ್ತು 13 ಇಟ್ಟುಕೊಂಡರೆ ಅವು ಮತ್ತೆ ಕೂಡುವುದು 91 ಫ್ರೇಮಿನ ಮೇಲೆ. ಅಷ್ಟು ಹೊತ್ತಿಗೆ ನಮ್ಮ ಶಾಟ್ ಮುಗಿಯುತ್ತ ಬಂದಿರುತ್ತದೆ. ಅಷ್ಟಾದರೂ ಒಂದು ಗೀಟು ಉಳಿದವಕ್ಕಿಂತ ದಪ್ಪವಾಗಿದ್ದರೆ ಗುಟ್ಟು ರಟ್ಟಾಗುತ್ತದೆ. ಕಣ್ಣು ಅದೊಂದನ್ನೇ ಹಿಡಿದು ಅದು ಮರಳಿ ಬರುವುದನ್ನು ಎಣಿಸತೊಡಗುತ್ತದೆ. ಗೀಟುಗಳ ನಡುವಿನ ಅಂತರ ಒಂದು ಫ್ರೇಮಿನ ಚಲನೆಯಷ್ಟೇ ಇದ್ದರೆ ಇನ್ನೂ ವಿಚಿತ್ರ. ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತು ಮಳೆ ನಿಂತೇ ಇರುವಂತೆ ಕಾಣುತ್ತದೆ.

ಹನಿ ಬಿದ್ದಲ್ಲಿ ತೊಟ್ಟಿಯ ನೀರಿನಲ್ಲಿ ಉಂಗುರ ಏಳುತ್ತದೆ. ನಾವು ಓರೆಯಾಗಿ ನೋಡುತ್ತಿರುವುದರಿಂದ ಅದು ವೃತ್ತವಾಗಿ ಕಾಣದೆ ಚಪ್ಪಟೆ ಅಂಡಾಕಾರವಾಗಿ ಕಾಣುತ್ತದೆ. ನಮ್ಮ ಹತ್ತಿರದ ಉಂಗುರ ತುಸು ದುಂಡಗೆ, ದೂರದ್ದು ಇನ್ನೂ ಚಪ್ಪಟೆ, ಚಿಕ್ಕದು. ಎಂಟು ಚಿತ್ರಗಳ ಒಂದು ಉಂಗುರವನ್ನು ಚೆನ್ನಾಗಿ ಬರೆದುಕೊಂಡು, ಅಳತೆ ಬದಲಿಸಿ ಅಲ್ಲಲ್ಲಿ ಇಟ್ಟು, ಒಂದೊಂದನ್ನೂ ಒಂದೊಂದು ಫ್ರೇಮಿನಲ್ಲಿ ಶುರುಮಾಡಿದರೆ ಕೆಲಸ ಆಗುತ್ತದೆ. ಮಳೆಯ ಉಂಗುರಗಳು ಎಲ್ಲೆಂದರಲ್ಲಿ ಹುಟ್ಟಬೇಕು. ಸೂರಿನ ಹನಿಯ ಉಂಗುರ ಮಾತ್ರ ಪ್ರತಿಸಲವೂ ಅದೇ ಜಾಗದಲ್ಲಿ ಏಳಬೇಕು. ಉಂಗುರ ಸಾಯುವ ರೀತಿಯೂ ಮುಖ್ಯ. ಇಡೀ ಗೆರೆಯನ್ನು ಒಟ್ಟಿಗೆ ಮಸುಕು ಮಾಡಿದರೆ ಯಾರೋ ಅಳಿಸಿದಂತಿರುತ್ತದೆ. ಗೆರೆ ದೊಡ್ಡದಾಗುತ್ತ ತೆಳ್ಳಗಾಗಿ, ಅಲ್ಲಲ್ಲಿ ತುಂಡಾಗಿ, ತುಂಡುಗಳು ಕುಗ್ಗಿ ಮಾಯವಾಗಬೇಕು.

ಇನ್ನು ಒಲೆ. ಹೊಸಬರು ಬರೆದ ಬೆಂಕಿ ಗಾಳಿಗೆ ಸಿಕ್ಕ ಬಾವುಟದ ಹಾಗೆ ಎಡಬಲಕ್ಕೆ ತೂಗುತ್ತದೆ. ನಿಜವಾದ ಜ್ವಾಲೆಯ ಚಲನೆ ಮೇಲ್ಮುಖ. ಬುಡದಲ್ಲಿ ಉಬ್ಬೊಂದು ಹುಟ್ಟಿ, ಅಂಚಿನುದ್ದಕ್ಕೂ ಮೇಲೇರಿ, ತುದಿಯಲ್ಲಿ ಕಿತ್ತುಕೊಂಡು, ಕಿತ್ತ ತುಣುಕು ಎರಡು ಮೂರು ಫ್ರೇಮಿನಲ್ಲಿ ಇಲ್ಲವಾಗುತ್ತದೆ. ಹಾಗಾಗಿ ಎರಡು ಚಿತ್ರಗಳ ನಡುವಿನ ಚಿತ್ರವನ್ನು ಗೆರೆಯಿಂದ ಗೆರೆಗೆ ಅಳೆದು ಬರೆಯಲು ಬರುವುದಿಲ್ಲ. ಯಾವ ಉಬ್ಬು ಎಲ್ಲಿಗೆ ಏರಿತು ಎಂದು ಹಿಂಬಾಲಿಸಬೇಕು. ಒಂದು ಉಬ್ಬನ್ನು ಹಿಡಿದು ಬುಡದಿಂದ ತುದಿಯವರೆಗೆ ಫ್ರೇಮು ಫ್ರೇಮಾಗಿ ನೋಡಿ. ನಡುವೆ ಅದು ಕೆಳಗೆ ಜಾರಿದರೆ ಆ ಚಿತ್ರ ತಪ್ಪು.

ಬೆಂಕಿಯ ಬೆಳಕಿಗೆ ಇನ್ನೊಂದು ಪದರ. ತಾಮ್ರದ ಹಂಡೆಯ ಮೇಲೂ ಅಜ್ಜಿಯ ಕೆನ್ನೆಯ ಮೇಲೂ ಬೀಳುವ ಕೆಂಪನ್ನು ಮಾಮೂಲಿ ಬಣ್ಣದಲ್ಲಿ ಬಳಿದರೆ ಕೆಳಗಿನ ಚಿತ್ರ ಮುಚ್ಚಿಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ಆ ಪದರವನ್ನು ‘ಸ್ಕ್ರೀನ್’ ಅಥವಾ ‘ಆ್ಯಡ್’ ಮೋಡಿಗೆ ಹಾಕಿದರೆ ಬಣ್ಣ ಮುಚ್ಚುವುದಿಲ್ಲ, ಇರುವ ಬಣ್ಣಕ್ಕೆ ಬೆಳಕು ಸೇರುತ್ತದೆ. ಫಿಲ್ಮಿನ ಕಾಲದಲ್ಲಿ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಬೆಳಕನ್ನಷ್ಟೇ ಎರಡನೆಯ ಸಲ ಅದರ ಮೇಲೆ ಬೀಳಿಸುತ್ತಿದ್ದರು.

ಹೊಗೆಯಲ್ಲಿ ಎಡವುವ ಜಾಗ ಎರಡು. ಅರೆಪಾರದರ್ಶಕ ಬಣ್ಣದಲ್ಲಿ ಸುರುಳಿಗಳನ್ನು ಒಂದರ ಮೇಲೊಂದು ಬರೆದರೆ, ಅವು ಕೂಡಿದ ಕಡೆಯೆಲ್ಲ ಕಪ್ಪು ಕಲೆ ಬೀಳುತ್ತದೆ. ಆದ್ದರಿಂದ ಮೊದಲು ಹೊಗೆಯನ್ನು ಗಟ್ಟಿ ಬಣ್ಣದಲ್ಲೇ ಬರೆದು, ಆಮೇಲೆ ಇಡೀ ಪದರವನ್ನು ಒಟ್ಟಿಗೆ ತೆಳು ಮಾಡುತ್ತಾರೆ. ಎರಡನೆಯದು, ಹೊಗೆ ಚದುರುವ ಬಗೆ. ಅದು ಅಂಚಿನಿಂದ ಕುಗ್ಗುತ್ತ ಬಂದರೆ ಹತ್ತಿಯುಂಡೆ ಚಿಕ್ಕದಾದಂತಿರುತ್ತದೆ. ಮೈಯಲ್ಲಿ ತೂತು ಬಿದ್ದು, ತೂತುಗಳು ದೊಡ್ಡವಾಗಿ, ಉಳಿದ ಎಳೆಗಳು ಹರಿದುಹೋಗಬೇಕು.

ಕೊನೆಗೆ ಪದರಗಳ ಸಾಲು: ಹಿಂದೆ ಗೋಡೆ, ಅದರ ಮುಂದೆ ಬೆಂಕಿ, ಹಂಡೆ, ಅಜ್ಜಿ, ಅವರ ಮೇಲೆ ಬೆಳಕು, ಹೊಗೆ, ಆಮೇಲೆ ದೂರದ ಮಳೆ, ತೊಟ್ಟಿಯ ಉಂಗುರ, ಎಲ್ಲಕ್ಕೂ ಮುಂದೆ ಹತ್ತಿರದ ಮಳೆ. ಹತ್ತಿರದ ಮಳೆಯನ್ನು ಆದಷ್ಟು ತೆಳುವಾಗಿಡಬೇಕು, ಇಲ್ಲವಾದರೆ ಅಜ್ಜಿಯ ಮುಖವೇ ಕಾಣುವುದಿಲ್ಲ. ಒಂದೊಂದೇ ಪದರವನ್ನು ಆರಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಆರಿಸಿದಾಗ ಶಾಟ್ ಸೊರಗದಿದ್ದರೆ ಆ ಪದರ ಬೇಕಿರಲಿಲ್ಲ ಎಂದರ್ಥ.

ಇದೆಲ್ಲ ಕಣ್ಣಾರೆ ಕಾಣಬೇಕೆಂದರೆ 1942ರ ‘ಬ್ಯಾಂಬಿ’ ಚಿತ್ರದ ಮಳೆಯ ಹಾಡನ್ನು ಹುಡುಕಿ ಹಾಕಿಕೊಳ್ಳಿ. ಮೊದಲ ಸಲ ಸುಮ್ಮನೆ ನೋಡಿ. ಎರಡನೆಯ ಸಲ ದನಿ ಆರಿಸಿ, ತಡೆದು ತಡೆದು, ಹನಿ ಬಿದ್ದ ಜಾಗವನ್ನಷ್ಟೇ ನೋಡಿ.