ಕೊಂಡ ಸೀಟು 25, ಬಳಸುವವರು ಎಷ್ಟು ಮಂದಿ? ಸಾಫ್ಟ್‌ವೇರ್ ಲೈಸೆನ್ಸ್‌ನ ತಿಂಗಳ ಲೆಕ್ಕ

ಗೋದಾಮಿನಲ್ಲಿ ಎಷ್ಟು ಮಾಲು ಬಂತು, ಎಷ್ಟು ಹೋಯಿತು, ಎಷ್ಟು ಬಾಕಿ ಇದೆ ಎಂದು ನಾವು ತಿಂಗಳಿಗೊಮ್ಮೆ ತಾಳೆ ನೋಡುತ್ತೇವೆ. ಆದರೆ ಕಂಪ್ಯೂಟರಿನಲ್ಲಿ ಬಾಡಿಗೆಗೆ ಪಡೆದ ಸಾಫ್ಟ್‌ವೇರ್‌ಗೆ ಈ ಲೆಕ್ಕ ಹೆಚ್ಚಿನ ಕಡೆ ಇಲ್ಲ. ಬಿಲ್ ಬರುತ್ತದೆ, ಹಣ ಹೋಗುತ್ತದೆ, ಅಷ್ಟೇ. ಮೈಕ್ರೋಸಾಫ್ಟ್ 365 ಅನ್ನೇ ತೆಗೆದುಕೊಳ್ಳಿ. ಇಮೇಲ್, ಎಕ್ಸೆಲ್, ವರ್ಡ್, ಟೀಮ್ಸ್ ಎಲ್ಲ ಸೇರಿ ಒಬ್ಬರಿಗೆ ಒಂದು ಸೀಟು. ಒಬ್ಬ ಹುಡುಗ ಕೆಲಸ ಬಿಟ್ಟು ಗಲ್ಫಿಗೆ ಹೋದರೂ ಅವನ ಸೀಟಿನ ಹಣ ಇಲ್ಲಿಂದ ಹೋಗುತ್ತಲೇ ಇರುತ್ತದೆ. ಅವನ ಖಾತೆಗೆ ಲಾಗಿನ್ ಬಂದ್ ಮಾಡಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಬಂದ್ ಮಾಡಿದ ಖಾತೆಯೂ ಸೀಟು ಹಿಡಿದುಕೊಂಡೇ ಇರುತ್ತದೆ.

ಇಲ್ಲಿ ಮೂರು ಬೇರೆ ಬೇರೆ ಸಂಖ್ಯೆಗಳಿವೆ: ಕೊಂಡ ಸೀಟು, ಹೆಸರಿಗೆ ಹಂಚಿದ ಸೀಟು, ನಿಜವಾಗಿ ಬಳಕೆಯಲ್ಲಿರುವ ಸೀಟು. ಮೊದಲ ಎರಡು ಸುಲಭ. ಅಡ್ಮಿನ್ ಆಗಿ `admin.microsoft.com` ತೆರೆದು `Billing > Licenses` ಒತ್ತಿದರೆ ಕೊಂಡದ್ದೆಷ್ಟು, ಹಂಚಿದ್ದೆಷ್ಟು ಎಂದು ಒಂದೇ ಸಾಲಿನಲ್ಲಿ ಕಾಣುತ್ತದೆ. ಮೂರನೆಯದನ್ನು ಮಾತ್ರ ನಾವೇ ತೆಗೆಯಬೇಕು.

ಅದಕ್ಕೆ ಎರಡು ಫೈಲು ಬೇಕು. `Users > Active users` ನಲ್ಲಿ `Export users` ಒತ್ತಿದರೆ ಯಾರ ಹೆಸರಿಗೆ ಯಾವ ಲೈಸೆನ್ಸ್ ಎಂಬ ಪಟ್ಟಿ ಸಿಗುತ್ತದೆ. ಆ `Active users` ಎಂಬ ಹೆಸರು ನೋಡಿ ಎಲ್ಲರೂ ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ, ಅಳಿಸದೆ ಉಳಿದ ಖಾತೆಗಳು ಎಂದಷ್ಟೇ ಅದರ ಅರ್ಥ. ಎರಡನೆಯ ಫೈಲು `Reports > Usage` ಒಳಗಿನ ಬಳಕೆದಾರರ ವರದಿ. ಇದರಲ್ಲಿ ಮೇಲ್, ಒನ್‌ಡ್ರೈವ್, ಶೇರ್‌ಪಾಯಿಂಟ್, ಟೀಮ್ಸ್ ಒಂದೊಂದಕ್ಕೂ `Last Activity Date` ಎಂಬ ಕಾಲಂ ಇರುತ್ತದೆ. ಅವಧಿಯನ್ನು 90 ದಿನಕ್ಕೆ ಇಟ್ಟು ಇಳಿಸಿಕೊಳ್ಳಿ. ಹೆಸರಿನ ಜಾಗದಲ್ಲಿ ಅರ್ಥವಾಗದ ಅಕ್ಷರ, ಅಂಕಿಗಳ ಸಾಲು ಕಂಡರೆ ಹೆದರಬೇಡಿ. ಖಾಸಗಿತನಕ್ಕಾಗಿ ಹೆಸರು ಮರೆಮಾಡಿಯೇ ಬರುತ್ತದೆ. `Settings > Org settings > Reports` ನಲ್ಲಿ ಆ ಮರೆಯನ್ನು ಮುಖ್ಯ ಅಡ್ಮಿನ್ ತೆಗೆಯಬಹುದು.

ಎರಡೂ ಫೈಲನ್ನು ಇಮೇಲ್ ಐಡಿ ಹಿಡಿದು ಎಕ್ಸೆಲ್‌ನಲ್ಲಿ ಜೋಡಿಸಿ. ನಾಲ್ಕು ತಾರೀಕುಗಳು D ಯಿಂದ G ವರೆಗೆ ಇವೆ ಎಂದುಕೊಳ್ಳೋಣ. ಕೊನೆಯ ಬಳಕೆ ಯಾವಾಗ, ಅದಾಗಿ ಎಷ್ಟು ದಿನ ಆಯ್ತು ಎಂಬುದಕ್ಕೆ H ಮತ್ತು I ಯಲ್ಲಿ ಇಷ್ಟು ಹಾಕಿದರೆ ಸಾಕು:

```
=MAX(D2:G2)
=TODAY()-H2
```

ಒಬ್ಬರ ಎದುರು 45,000ಕ್ಕೂ ಹೆಚ್ಚು ದಿನ ಎಂದು ಬಂದರೆ ಅವರಿಗೆ ಯಾವ ತಾರೀಕೂ ಇಲ್ಲ ಎಂದರ್ಥ. ಎಲ್ಲರಿಗೂ ಹಾಗೇ ಬಂದರೆ ತಪ್ಪು ಫೈಲಿನದ್ದು, ತಾರೀಕುಗಳು ಬರೀ ಅಕ್ಷರವಾಗಿ ಕೂತಿವೆ. ಅವನ್ನು ತಾರೀಕಾಗಿ ಬದಲಿಸಿ ಮತ್ತೆ ನೋಡಿ.

ಈಗ ಒಂದು ಲೆಕ್ಕ. ಒಂದು ಟೈಲ್ಸ್ ಹೋಲ್‌ಸೇಲ್ ಅಂಗಡಿ, ಎರಡು ಶೋರೂಮು. ಕೊಂಡದ್ದು 25 ಸೀಟು, ಹಂಚಿದ್ದು 21. ಅಂದರೆ 4 ಸೀಟು ಯಾರ ಹೆಸರಿಗೂ ಇಲ್ಲದೆ ಖಾಲಿ ಬಿದ್ದಿವೆ. ಉದ್ಯೋಗಿಗಳ ಪಟ್ಟಿ ಮಾತ್ರ ನೋಡುವವರ ಕಣ್ಣಿಗೆ ಈ ನಾಲ್ಕು ಬೀಳುವುದೇ ಇಲ್ಲ. ಉಳಿದ 21ರಲ್ಲಿ 16 ಮಂದಿ ಕಳೆದ 30 ದಿನದಲ್ಲಿ ಬಳಸಿದ್ದಾರೆ, 5 ಖಾತೆ ಸುಮ್ಮನಿವೆ. ಹಾಗಾದರೆ ಐದನ್ನೂ ತೆಗೆಯೋಣವೇ? ಅಲ್ಲೇ ಎಡವುವುದು.

ಐದರಲ್ಲಿ ಒಬ್ಬರು ಲೆಕ್ಕಪತ್ರದವರು. ಅವರು ದಿನವಿಡೀ ಎಕ್ಸೆಲ್‌ನಲ್ಲೇ ಇರುತ್ತಾರೆ, ಆದರೆ ಫೈಲು ಇಡುವುದು ಸ್ವಂತ ಕಂಪ್ಯೂಟರಿನಲ್ಲಿ, ಮಾತುಕತೆ ವಾಟ್ಸಾಪ್‌ನಲ್ಲಿ. ಮೇಲ್ ಮುಟ್ಟುವುದಿಲ್ಲ. ಕಂಪ್ಯೂಟರಿಗೆ ಹಾಕಿದ ಎಕ್ಸೆಲ್, ವರ್ಡ್ ಬಳಕೆ ಈ ವರದಿಯಲ್ಲಿ ಬರುವುದಿಲ್ಲ. ಅದಕ್ಕೆ ಅದೇ `Usage` ಒಳಗೆ ಆಪ್‌ಗಳ ವರದಿ ಬೇರೆಯೇ ಇದೆ, ಅದನ್ನೂ ನೋಡಬೇಕು. ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದಾರೆ. ಈ ಎರಡು ಸೀಟು ಉಳಿಯಬೇಕು. ಮತ್ತಿಬ್ಬರು ಕೆಲಸ ಬಿಟ್ಟವರು. ಐದನೆಯದು ಮನುಷ್ಯರದ್ದೇ ಅಲ್ಲ, ಯಾರೋ ಒಂದು ಕಾಲದಲ್ಲಿ ಮಾಡಿಟ್ಟ `info` ವಿಳಾಸ, ಅದಕ್ಕೂ ಪೂರ್ತಿ ಸೀಟು ಕೊಟ್ಟಿದ್ದಾರೆ.

ಇದರ ಉಲ್ಟಾ ಕೂಡ ಇದೆ. ಬಳಕೆಯಲ್ಲಿರುವ 16ರಲ್ಲಿ ಒಂದು ಖಾತೆ ಎಂಟು ತಿಂಗಳ ಹಿಂದೆ ದುಬೈಗೆ ಹೋದ ಸೇಲ್ಸ್‌ಮ್ಯಾನ್‌ನದ್ದು. ಗಿರಾಕಿಗಳು ಈಗಲೂ ಆ ವಿಳಾಸಕ್ಕೇ ಆರ್ಡರ್ ಕಳಿಸುತ್ತಾರೆ, ಕೌಂಟರಿನ ಹುಡುಗ ಹಳೆಯ ಪಾಸ್‌ವರ್ಡ್ ಹಾಕಿ ಓದುತ್ತಾನೆ. ಯಂತ್ರಕ್ಕೆ ಅದು ಜೀವಂತ ಖಾತೆ. ಹಾಗಾಗಿ ವರದಿಯನ್ನು ಸಂಬಳದ ಪಟ್ಟಿಯ ಜೊತೆಗೂ ಒಮ್ಮೆ ತಾಳೆ ನೋಡಬೇಕು. ಸಂಬಳ ಹೋಗದ ಹೆಸರಿಗೆ ಸೀಟು ಯಾಕೆ ಎಂಬ ಒಂದೇ ಪ್ರಶ್ನೆ ಸಾಕು.

ಇಂಥ ವಿಳಾಸ ಉಳಿಯಬೇಕು, ಸೀಟು ಬೇಡ ಎಂದರೆ ಆ ಮೇಲ್‌ಬಾಕ್ಸನ್ನು `Shared mailbox` ಆಗಿ ಬದಲಿಸಬಹುದು. 50 ಜಿಬಿ ವರೆಗೆ ಅದಕ್ಕೆ ಲೈಸೆನ್ಸ್ ಬೇಡ, ಕೌಂಟರಿನ ಹುಡುಗ ತನ್ನ ಸ್ವಂತ ಲಾಗಿನ್‌ನಲ್ಲೇ ಅದನ್ನು ಓದಬಹುದು. ಕ್ರಮ ಮಾತ್ರ ತಪ್ಪಬಾರದು. ಮೊದಲು ಬದಲಿಸಿ, ಆಮೇಲೆ ಲೈಸೆನ್ಸ್ ತೆಗೆಯಿರಿ, ಹಳೆಯ ಲಾಗಿನ್ ಬಂದ್ ಮಾಡಿ. ಖಾತೆಯನ್ನು ಅಳಿಸಬೇಡಿ, ಮೇಲ್‌ಬಾಕ್ಸ್ ಅದಕ್ಕೇ ಕಟ್ಟಿಕೊಂಡಿರುತ್ತದೆ. ಬದಲಿಸದೆ ಲೈಸೆನ್ಸ್ ತೆಗೆದುಬಿಟ್ಟರೆ 30 ದಿನದ ಬಳಿಕ ಹಳೆಯ ಮೇಲ್‌ಗಳು ಕೈತಪ್ಪುತ್ತವೆ. ಕೆಲಸ ಬಿಟ್ಟ ಇಬ್ಬರ ಒನ್‌ಡ್ರೈವ್‌ನಲ್ಲಿ ರೇಟ್ ಲಿಸ್ಟ್, ಕೊಟೇಶನ್ ಇದ್ದರೆ ಅದನ್ನೂ ಮುಂಚೆಯೇ ತೆಗೆದಿಡಿ.

ಇಷ್ಟಾದ ಮೇಲೆ ಬಿಡುಗಡೆಯಾದ ಸೀಟು: ಕೆಲಸ ಬಿಟ್ಟವರದ್ದು 2, `info` 1, ಸೇಲ್ಸ್‌ಮ್ಯಾನ್‌ನದ್ದು 1, ಒಟ್ಟು 4. ನಿಜಕ್ಕೂ ಬೇಕಾದದ್ದು 17, ಹೊಸಬರಿಗೆಂದು 1 ಇಟ್ಟುಕೊಂಡರೆ 18. ಅಂದರೆ 7 ಸೀಟು ಹೆಚ್ಚುವರಿ. ಲೆಕ್ಕಕ್ಕೆ ಸುಲಭವಾಗಲಿ ಎಂದು ತಿಂಗಳಿಗೆ ಸೀಟಿಗೆ 500 ರೂಪಾಯಿ ಹಿಡಿದರೆ ವರ್ಷಕ್ಕೆ 42,000 ರೂಪಾಯಿ. ಮೇಲಿನ 18 ಶೇಕಡಾ ಜಿಎಸ್‌ಟಿಯನ್ನು ಉಳಿತಾಯ ಎಂದು ತೋರಿಸಬೇಡಿ, ಇನ್‌ಪುಟ್ ಕ್ರೆಡಿಟ್ ಸಿಗುವ ವ್ಯಾಪಾರಿಗೆ ಅದು ಹೇಗೂ ವಾಪಸ್ ಬರುತ್ತದೆ. ಕಾಂಪೊಸಿಶನ್‌ನಲ್ಲಿ ಇರುವವರಿಗೆ ಮಾತ್ರ ಅದೂ ಖರ್ಚೇ.

ತಿಂಗಳ ವರದಿ ಒಂದು ಪುಟ ಮೀರಬಾರದು. ಮೇಲೆ ಕೊಂಡದ್ದು, ಹಂಚಿದ್ದು, ಬಳಸಿದ್ದು ಎಂಬ ಮೂರು ಅಂಕಿ, ಪಕ್ಕದಲ್ಲಿ ಕಳೆದ ತಿಂಗಳಿನದ್ದು. ಕೆಳಗೆ ಸುಮ್ಮನಿರುವ ಖಾತೆಗಳ ಹೆಸರು, ಕೊನೆಯ ಬಳಕೆಯ ತಾರೀಕು, ಯಾರನ್ನು ಕೇಳಬೇಕು, ಏನು ತೀರ್ಮಾನ. ಶೋರೂಮಿನ ಮ್ಯಾನೇಜರಿಗೆ ಬರೆಯುವಾಗ "ಇವರು ಯಾಕೆ ಕೆಲಸ ಮಾಡ್ತಾ ಇಲ್ಲ" ಎಂದಲ್ಲ, "ಈ ಖಾತೆ 47 ದಿನದಿಂದ ಬಳಕೆಯಲ್ಲಿಲ್ಲ, ಬೇಕಾ? 10ನೇ ತಾರೀಕಿನ ಒಳಗೆ ತಿಳಿಸಿ" ಎಂದು ಕೇಳಿ. ಈ ಕಾಗದ ಹಾಜರಿ ಪುಸ್ತಕವಲ್ಲ. ಅದನ್ನು ಹಾಗೆ ಬಳಸಿದ ದಿನದಿಂದ ಜನ ಸುಮ್ಮನೆ ಲಾಗಿನ್ ಆಗಿ ಹೋಗುತ್ತಾರೆ, ನಿಮ್ಮ ಅಂಕಿಯೇ ಸುಳ್ಳಾಗುತ್ತದೆ.

ಒಂದು ಮಿತಿ ಇದೆ. ವಾರ್ಷಿಕ ಒಪ್ಪಂದದಲ್ಲಿ ಕೊಂಡ ಸೀಟನ್ನು ಮೊದಲ 7 ದಿನ ಕಳೆದ ಮೇಲೆ ನಡುವೆ ಕಡಿಮೆ ಮಾಡಲು ಆಗುವುದಿಲ್ಲ, ಹಣ ತಿಂಗಳಿಗೊಮ್ಮೆ ಕಟ್ಟುತ್ತಿದ್ದರೂ ಸರಿ. ನವೀಕರಣದ ದಿನವೇ ಸಂಖ್ಯೆ ಇಳಿಯುವುದು. ಅಲ್ಲಿಯವರೆಗೆ ಖಾಲಿ ಸೀಟಿನ ಲಾಭ ಒಂದೇ: ಹೊಸಬರು ಸೇರಿದಾಗ 26ನೆಯದನ್ನು ಕೊಳ್ಳದೆ ಇದ್ದದ್ದನ್ನೇ ಕೊಡುವುದು. ಆದ್ದರಿಂದ ನವೀಕರಣದ ತಾರೀಕನ್ನು ವರದಿಯ ತಲೆಯಲ್ಲೇ ಬರೆದಿಡಿ. ಡೀಲರ್ ಮೂಲಕ ಕೊಂಡಿದ್ದರೆ ಸಂಖ್ಯೆ ಬದಲಿಸುವುದು ಅವರ ಕೈಯಲ್ಲಿ, ಎರಡು ವಾರ ಮೊದಲೇ "25 ಬೇಡ, 18 ಮಾಡಿ" ಎಂದು ಇಮೇಲ್‌ನಲ್ಲಿ ಹೇಳಿ, ಫೋನಿನಲ್ಲಿ ಮಾತ್ರ ಹೇಳಿ ಬಿಡಬೇಡಿ. ನವೀಕರಣ ಆದ ಮರುದಿನ `Billing > Licenses` ತೆರೆದು 18 ಇದೆಯೇ ನೋಡಿ. ಇನ್ನೂ 25 ಎಂದೇ ಇದ್ದರೆ ಸರಿಪಡಿಸಲು ನಿಮಗಿರುವುದು ಆ ಮೊದಲ ಏಳು ದಿನ ಮಾತ್ರ.