ಕೊನೆಯಿಲ್ಲದ ವರ್ಷಾಸನಕ್ಕೆ ಬೆಲೆ ಎಷ್ಟು?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ಮೇಕೆ ಚರ್ಮದ ಮೇಲೆ ಬರೆದ ಒಂದು ಸಾಲಪತ್ರವಿದೆ. ನೆದರ್ಲೆಂಡ್ಸಿನ ಲೆಕ್ ನದಿಯ ದಂಡೆಯನ್ನು ನೋಡಿಕೊಳ್ಳುತ್ತಿದ್ದ ನೀರು ಮಂಡಳಿಯೊಂದು 1648ರ ಮೇ 15ರಂದು 1,000 ಗಿಲ್ಡರ್ ಸಾಲ ಎತ್ತಿ ಬರೆದುಕೊಟ್ಟದ್ದು ಅದು. ಅಸಲು ತೀರಿಸಲು ಗಡುವು ಇಲ್ಲ. ಪತ್ರ ಯಾರ ಕೈಯಲ್ಲಿದೆಯೋ ಅವರಿಗೆ ವರ್ಷ ವರ್ಷ ಬಡ್ಡಿ, ಎಂದೆಂದಿಗೂ. ಆ ಮಂಡಳಿ ಇಂದು ಬೇರೊಂದರಲ್ಲಿ ಸೇರಿಹೋಗಿದೆ, ಗಿಲ್ಡರ್ ಹೋಗಿ ಯೂರೊ ಬಂದಿದೆ, ಬಡ್ಡಿದರವೂ ನಡುವೆ ಇಳಿದಿದೆ. ಬಡ್ಡಿ ಮಾತ್ರ ನಿಂತಿಲ್ಲ. ಈಗ ಅದು ವರ್ಷಕ್ಕೆ ಸುಮಾರು 11 ಯೂರೊ. 2003ರಲ್ಲಿ ಯೇಲ್ ಈ ಪತ್ರವನ್ನು ಸುಮಾರು 24,000 ಯೂರೊ ಕೊಟ್ಟು ಕೊಂಡಿತು. 2015ರಲ್ಲಿ ಗ್ರಂಥಾಲಯದವರು ಹೋಗಿ 12 ವರ್ಷಗಳ ಬಾಕಿ ವಸೂಲು ಮಾಡಿಕೊಂಡು ಬಂದರು. ಸಿಕ್ಕಿದ್ದು 136 ಯೂರೊ ಚಿಲ್ಲರೆ.

ಇಪ್ಪತ್ತನಾಲ್ಕು ಸಾವಿರ ಕೊಟ್ಟದ್ದು ಹಳೆಯ ಚರ್ಮಕ್ಕೆ, ಅದರ ಚರಿತ್ರೆಗೆ. ಬರೀ ಬಡ್ಡಿಗಾಗಿ ಕೊಳ್ಳುವವನು ಎಷ್ಟು ಕೊಡುತ್ತಿದ್ದ? ಬೇರೆ ಕಡೆ ಅಷ್ಟೇ ಭದ್ರವಾಗಿ ಶೇ 5 ಬಡ್ಡಿ ಸಿಗುವಂತಿದ್ದರೆ, 11ನ್ನು 0.05ರಿಂದ ಭಾಗಿಸಿ 220 ಯೂರೊ. ಅದಕ್ಕಿಂತ ಒಂದು ಯೂರೊ ಹೆಚ್ಚು ಕೊಟ್ಟರೂ ನಷ್ಟ. ಕೊನೆಯೇ ಇಲ್ಲದೆ ಬರುವ ಹಣಕ್ಕೆ ಇನ್ನೂರಿಪ್ಪತ್ತೇ ಯೂರೊ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಅನಂತ ಕಾಲ ಬರುವುದನ್ನೆಲ್ಲ ಕೂಡಿದರೆ ಮೊತ್ತವೂ ಅನಂತವಾಗಬೇಕಲ್ಲವೇ?

ಈ ಲೆಕ್ಕವನ್ನು ನಮ್ಮಲ್ಲಿ ಹೆಸರು ಹೇಳದೆಯೇ ಮಾಡುವ ಜಾಗವೊಂದಿದೆ: ದತ್ತಿ. ತಂದೆತಾಯಿಯ ಹೆಸರಿನಲ್ಲಿ ಕಾಲೇಜಿಗೆ ಬಹುಮಾನ, ವಿಶ್ವವಿದ್ಯಾಲಯಕ್ಕೆ ಚಿನ್ನದ ಪದಕ, ಸಾಹಿತ್ಯ ಪರಿಷತ್ತಿಗೆ ಉಪನ್ಯಾಸ, ದೇವಸ್ಥಾನಕ್ಕೆ ಶಾಶ್ವತ ಪೂಜೆ, ಯಾವುದೇ ಇರಲಿ, ಒಮ್ಮೆ ಇಡುಗಂಟು ಕೊಡುವುದು, ಅದರ ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯುವುದು. ಕಾಲೇಜಿನಲ್ಲಿ ಮೊದಲ ಸ್ಥಾನ ಪಡೆದ ವಿದ್ಯಾರ್ಥಿಗೆ ವರ್ಷಕ್ಕೆ 10,000 ರೂಪಾಯಿ ಬಹುಮಾನ ಕೊಡಬೇಕು ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಠೇವಣಿಗೆ ಶೇ 8 ಬಡ್ಡಿ. 1,25,000 ರೂಪಾಯಿ ಇಟ್ಟರೆ ವರ್ಷದ ಕೊನೆಗೆ ಬಡ್ಡಿ 10,000. ಅದನ್ನು ಕೊಟ್ಟುಬಿಟ್ಟರೂ ಅಸಲು ಹಾಗೆಯೇ ಇದೆ, ಬರುವ ವರ್ಷವೂ 10,000 ಹುಟ್ಟುತ್ತದೆ. ಅಸಲಿಗೆ ಕೈ ಹಾಕದೆ ಎಷ್ಟು ವರ್ಷ ಬೇಕಾದರೂ ಹೀಗೆ ನಡೆಸಬಹುದು. 10,000ವನ್ನು 0.08ರಿಂದ ಭಾಗಿಸಿದಾಗ ಬರುವುದೂ ಅದೇ ಒಂದೂಕಾಲು ಲಕ್ಷ.

ಇದು ಕೊಡುವವನ ಕಡೆಯ ಲೆಕ್ಕವಾಯಿತು. ಪಡೆಯುವವನ ಕಡೆಯಿಂದಲೂ ಉತ್ತರ ಬೇರೆಯಾಗದು. ಇಂಥ ಕೊನೆಯಿಲ್ಲದ ವರ್ಷಾಸನದ ಇಂದಿನ ಬೆಲೆ ಎಷ್ಟೋ ಇದೆ ಅನ್ನಿ, ಆ ಬೆಲೆ ಕೊಟ್ಟು ಕೊಂಡಿರಿ. ಒಂದು ವರ್ಷ ಕಳೆದ ಮೇಲೆ ನಿಮ್ಮ ಕೈಯಲ್ಲಿ ಏನಿರುತ್ತದೆ? ಮೊದಲ ಕಂತಿನ 10,000, ಜೊತೆಗೆ ಮುಂದೆ ಕೊನೆಯಿಲ್ಲದೆ ಬರಲಿರುವ ಅದೇ ವರ್ಷಾಸನ. ಅನಂತದಿಂದ ಒಂದು ಕಂತು ತೆಗೆದರೂ ಉಳಿಯುವುದು ಅನಂತವೇ. ಆದ್ದರಿಂದ, ದರ ಬದಲಾಗದಿದ್ದರೆ, ಅದರ ಬೆಲೆಯೂ ನೀವು ಕೊಂಡಾಗ ಇದ್ದಷ್ಟೇ. ಹಾಗಾದರೆ ನಿಮ್ಮ ಒಂದು ವರ್ಷದ ಗಳಿಕೆಯೆಲ್ಲ ಆ 10,000ದಲ್ಲೇ ಇದೆ, ಮತ್ತು ಅದು ನೀವು ಕೊಟ್ಟ ಬೆಲೆಯ ಶೇ 8 ಆಗಿರಬೇಕು. ಯಾವ ಮೊತ್ತದ ಶೇ 8 ಹತ್ತು ಸಾವಿರ? ಒಂದೂಕಾಲು ಲಕ್ಷದ್ದು.

ಇಲ್ಲಿನ ಶೇ 8ಕ್ಕೆ ಹಣಕಾಸಿನವರು ಡಿಸ್ಕೌಂಟ್ ದರ ಎನ್ನುತ್ತಾರೆ. ಅಷ್ಟೇ ಅಪಾಯವಿರುವ ಬೇರೆ ಕಡೆ ಹಣ ಹಾಕಿದ್ದರೆ ಸಿಗುತ್ತಿದ್ದ ಗಳಿಕೆ ಅದು. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವುದೂ ಅದೇ. ಶೇ 8ರಲ್ಲಿ, ಬರುವ ವರ್ಷ ಸಿಗುವ 10,000ಕ್ಕೆ ಇಂದಿನ ಬೆಲೆ 9,259 ರೂಪಾಯಿ. ಹತ್ತು ವರ್ಷದ ನಂತರದ 10,000ಕ್ಕೆ 4,632. ಮೂವತ್ತು ವರ್ಷದ ನಂತರದ್ದಕ್ಕೆ ಸಾವಿರವೂ ಇಲ್ಲ, 994. ಐವತ್ತಕ್ಕೆ 213. ನೂರನೆಯ ವರ್ಷದ ಬಹುಮಾನಕ್ಕೆ ಇಂದು ತೆಗೆದಿಡಬೇಕಾದದ್ದು ನಾಲ್ಕೂವರೆ ರೂಪಾಯಿ. ಕಂತುಗಳಿಗೆ ಕೊನೆಯಿಲ್ಲ, ನಿಜ. ಆದರೆ ಪ್ರತಿ ಕಂತೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಹೋಗುವುದರಿಂದ ಮೊತ್ತ 1,25,000ದ ಗೆರೆಯನ್ನು ಎಂದೂ ದಾಟುವುದಿಲ್ಲ. ಮೊದಲ 30 ವರ್ಷದ ಕಂತುಗಳಿಗೇ ಸುಮಾರು 1,12,600 ರೂಪಾಯಿ, ಅಂದರೆ ಶೇ 90, ಮುಗಿದುಹೋಗುತ್ತದೆ. ಮೂವತ್ತೊಂದನೆಯ ವರ್ಷದಿಂದ ಸೂರ್ಯಚಂದ್ರರಿರುವ ತನಕದ ಅಷ್ಟೂ ಕಾಲಕ್ಕೆ ಉಳಿಯುವುದು ಹನ್ನೆರಡು ಸಾವಿರ ಚಿಲ್ಲರೆ. ‘ಶಾಶ್ವತ’ ಎಂದೊಡನೆ ಬೆಲೆ ಏರಿಸಿ ಹೇಳುವವರ ಮುಂದೆ ಈ ಅಂಕಿ ಇಡಬೇಕು.

ಸೂತ್ರದಲ್ಲಿ ಇರುವುದು ಮೂರೇ: ಬೆಲೆ, ವರ್ಷದ ಮೊತ್ತ, ದರ. ದರವನ್ನು ಪೇಟೆ ಅಲುಗಾಡಿಸುತ್ತದೆ. ಆಗ ಉಳಿದೆರಡರಲ್ಲಿ ಯಾವುದನ್ನು ಕಟ್ಟಿಹಾಕಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಬ್ರಿಟನ್ನಿನ ಕಾನ್ಸಲ್ ಸಾಲಪತ್ರಗಳಲ್ಲಿ ಕಟ್ಟಿಹಾಕಿದ್ದು ವರ್ಷದ ಮೊತ್ತವನ್ನು. 1751ರಲ್ಲಿ ಹೆನ್ರಿ ಪೆಲ್ಹಮ್ ಸರ್ಕಾರ ಬಗೆಬಗೆಯ ಹಳೆಯ ಸಾಲಗಳನ್ನು ಒಂದುಗೂಡಿಸಿ ಹೊರಡಿಸಿದ ಪತ್ರಗಳಿವು. ಮುಂದೆ 1888ರವರೆಗೂ 100 ಪೌಂಡಿನ ಪತ್ರಕ್ಕೆ ವರ್ಷಕ್ಕೆ 3 ಪೌಂಡ್ ಬಡ್ಡಿ. ಪೇಟೆಯ ದರವೂ ಶೇ 3 ಇದ್ದಾಗ ಪತ್ರದ ಬೆಲೆ 100. ಫ್ರಾನ್ಸಿನೊಡನೆ ಯುದ್ಧ ಬಿಗಿಯಾಗಿದ್ದ 1797–98ರಲ್ಲಿ ಬೆಲೆ 50ಕ್ಕಿಂತ ಕೆಳಗೆ ಬಿತ್ತು. ಮೂರನ್ನು ಐವತ್ತರಿಂದ ಭಾಗಿಸಿ ನೋಡಿ: ಜನ ಶೇ 6ಕ್ಕೂ ಹೆಚ್ಚು ಕೇಳುತ್ತಿದ್ದರು ಎಂದರ್ಥ. ಬಡ್ಡಿ ಒಂದು ಪೆನ್ನಿಯೂ ಕಡಿಮೆಯಾಗಿರಲಿಲ್ಲ. ಅಸಲು ಹಿಂತಿರುಗುವ ದಿನವೇ ಇಲ್ಲದ್ದರಿಂದ ದರ ಇಮ್ಮಡಿಯಾದರೆ ಬೆಲೆ ನೇರ ಅರ್ಧಕ್ಕೆ ಇಳಿಯುತ್ತದೆ. 1974ರ ಕೊನೆಗೆ ಇಂಥ ಪತ್ರಗಳಿಂದ ಜನ ಶೇ 15ಕ್ಕೂ ಹೆಚ್ಚು ಗಳಿಕೆ ಕೇಳುತ್ತಿದ್ದರು. ಮೂರೂವರೆ ಪೌಂಡ್ ಕೊಡುವ ಹಳೆಯ ಯುದ್ಧಸಾಲದ ಪತ್ರಕ್ಕೆ ಸೂತ್ರದ ಪ್ರಕಾರ ಆಗ 23 ಪೌಂಡೂ ಕಷ್ಟ.

ದರ ಇಳಿದಾಗ ಬೆಲೆ ಹಾಗೆಯೇ ಏರಬೇಕಲ್ಲ? ಶೇ 2.5 ಆದರೆ ಅದೇ ಯುದ್ಧಸಾಲದ ಪತ್ರ 140 ಪೌಂಡ್ ಬಾಳಬೇಕು. ಆದರೆ ಸರ್ಕಾರ ತನಗೆ ಬೇಕಾದಾಗ 100 ಪೌಂಡ್ ಕೊಟ್ಟು ಸಾಲ ತೀರಿಸುವ ಹಕ್ಕನ್ನು ಇಟ್ಟುಕೊಂಡಿತ್ತು. 140 ಬಾಳುವುದನ್ನು 100ಕ್ಕೆ ಬಿಡಿಸಿಕೊಳ್ಳುವ ಅವಕಾಶವನ್ನು ಯಾವ ಖಜಾನೆ ಬಿಟ್ಟೀತು? 2015ರಲ್ಲಿ, ಬಡ್ಡಿ ತೀರ ಇಳಿದಿದ್ದಾಗ, ಬ್ರಿಟನ್ ಈ ಎಲ್ಲ ಗಡುವಿಲ್ಲದ ಸಾಲಗಳನ್ನೂ ತೀರಿಸಿ ಕೈ ತೊಳೆದುಕೊಂಡಿತು. ಪತ್ರದಲ್ಲಿ ‘ಕೊನೆಯಿಲ್ಲ’ ಎಂದಿದ್ದರೆ, ಕೊನೆ ಮಾಡುವ ಹಕ್ಕು ಯಾರ ಬಳಿ ಇದೆ ಎಂದು ಕೇಳಬೇಕಾದದ್ದು ಇದಕ್ಕೇ.

ನಮ್ಮ ದತ್ತಿಯಲ್ಲಿ ಕಟ್ಟಿಹಾಕಿದ್ದು ಇಡುಗಂಟನ್ನು. ಹಾಗಾಗಿ ದರ ಇಳಿದಾಗ ಪೆಟ್ಟು ಬೀಳುವುದು ಬಹುಮಾನದ ಮೇಲೆ. 2013–14ರ ಸುಮಾರಿಗೆ ನಮ್ಮ ದೊಡ್ಡ ಬ್ಯಾಂಕುಗಳ ದೀರ್ಘಾವಧಿ ಠೇವಣಿಗೆ ಶೇ 9ರ ಆಸುಪಾಸು ಬಡ್ಡಿ ಇತ್ತು. ಅದನ್ನು ನಂಬಿ 1,11,000 ರೂಪಾಯಿ ಕೊಟ್ಟವರ ಬಹುಮಾನ ಮೊದಲು ಹತ್ತು ಸಾವಿರ. 2020ರಲ್ಲಿ ಠೇವಣಿ ನವೀಕರಿಸುವಾಗ ದರ ಶೇ 5.5ರ ಆಸುಪಾಸು, ಬಹುಮಾನ ಆರು ಸಾವಿರದ ಚಿಲ್ಲರೆ. ಕಾಲೇಜಿನವರು ಏನೋ ಗೋಲ್‌ಮಾಲ್ ಮಾಡಿದ್ದಾರೆ ಎಂದು ದಾನಿಯ ಮನೆಯವರಿಗೆ ಅನ್ನಿಸುವುದು ಇಂಥ ಹೊತ್ತಿನಲ್ಲಿ. ಸೂತ್ರದ ತಪ್ಪೂ ಇದಲ್ಲ. ಇಂದಿನ ಠೇವಣಿಯ ದರವನ್ನು ಎಂದೆಂದಿನ ದರವೆಂದು ಹಿಡಿದದ್ದರ ಫಲ.

ಇನ್ನೊಂದು ಸವಕಳಿ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಬಡ್ಡಿ ಶೇ 8ರಲ್ಲೇ ನಿಂತಿತು ಅನ್ನಿ, ಬೆಲೆಗಳು ವರ್ಷಕ್ಕೆ ಶೇ 5 ಏರುತ್ತಿವೆ. ಮೂವತ್ತು ವರ್ಷದಲ್ಲಿ ಆ ಹತ್ತು ಸಾವಿರಕ್ಕೆ ಸಿಗುವುದು ಇಂದಿನ ಸುಮಾರು 2,300 ರೂಪಾಯಿಯ ಸಾಮಾನು. ಎಪ್ಪತ್ತು ರೂಪಾಯಿ ನಗದು ಬಹುಮಾನ ಎಂದು ವೇದಿಕೆಯ ಮೇಲೆ ಓದಿದಾಗ ಸಭೆಯಲ್ಲಿ ನಗು ಏಳುತ್ತದಲ್ಲ, ಆ ಎಪ್ಪತ್ತೂ ಒಂದು ಕಾಲದಲ್ಲಿ ದೊಡ್ಡ ಮೊತ್ತವೇ.

ಬಹುಮಾನವೂ ವರ್ಷಕ್ಕೆ ಶೇ 5 ಬೆಳೆಯಬೇಕು ಎಂದಾದರೆ ಭಾಗಿಸಬೇಕಾದದ್ದು 8ರಿಂದಲ್ಲ, 8ರಲ್ಲಿ 5 ಕಳೆದು ಉಳಿದ 3ರಿಂದ. 10,000 ಭಾಗಿಸು 0.03, ಅಂದರೆ 3,33,333 ರೂಪಾಯಿ. ಮೊದಲ ವರ್ಷದ ಬಡ್ಡಿ 26,667. ಅದರಲ್ಲಿ 10,000 ಬಹುಮಾನಕ್ಕೆ, ಉಳಿದ 16,667 ಮತ್ತೆ ಅಸಲಿಗೆ. ಅಸಲು 3,50,000 ಆಯಿತು, ಸರಿಯಾಗಿ ಶೇ 5 ಹೆಚ್ಚು. ಎರಡನೆಯ ವರ್ಷದ ಬಡ್ಡಿ 28,000, ಬಹುಮಾನ 10,500, ಅಸಲಿಗೆ ಮರಳುವುದು 17,500. ದಾನಿಗಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಬಂದ ಬಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿರುಗಿ ಕಟ್ಟುತ್ತಾರೆ ಎಂದರೆ ಜಿಪುಣತನದಂತೆ ಕಾಣುತ್ತದೆ.

ಆದರೆ ಈ ವಿಸ್ತರಿಸಿದ ಸೂತ್ರದ ಮೇಲೆ ತೀರ ಭಾರ ಹಾಕಬಾರದು. ಬೆಳವಣಿಗೆ ಶೇ 5ರಲ್ಲೇ ಇದ್ದು ಬಡ್ಡಿ 8ರಿಂದ 7ಕ್ಕೆ ಇಳಿದರೆ ಬೇಕಾಗುವ ಇಡುಗಂಟು ಐದು ಲಕ್ಷ. ಆರಕ್ಕೆ ಇಳಿದರೆ ಹತ್ತು ಲಕ್ಷ. ಐದಕ್ಕೆ ಇಳಿದರೆ ಎಷ್ಟು ಕೊಟ್ಟರೂ ಸಾಲದು, ಏಕೆಂದರೆ ಬಡ್ಡಿಯೆಲ್ಲ ಅಸಲನ್ನು ಬೆಳೆಸುವುದಕ್ಕೇ ಖರ್ಚಾಗಿ ಬಹುಮಾನಕ್ಕೆ ಏನೂ ಉಳಿಯುವುದಿಲ್ಲ. ಕಂಪನಿಗಳ ಷೇರಿಗೆ ಬೆಲೆ ಕಟ್ಟುವವರೂ ದೂರದ ವರ್ಷಗಳ ಲಾಭಕ್ಕೆ ಇದೇ ಸೂತ್ರ ಹಾಕುತ್ತಾರೆ. ಅವರ ವರದಿ ಕೈಗೆ ಸಿಕ್ಕರೆ ನೋಡಬೇಕಾದದ್ದು ದರ ಮತ್ತು ಬೆಳವಣಿಗೆಯ ನಡುವಿನ ಅಂತರವನ್ನು. ಅದು ಒಂದೆರಡು ಅಂಶಕ್ಕೆ ಇಳಿದಿದ್ದರೆ ಬೆಲೆಯನ್ನು ಬೇಕಾದ ಹಾಗೆ ಎಳೆದಿರುವ ಸಾಧ್ಯತೆ ಹೆಚ್ಚು.

ದತ್ತಿ ಇಡುವಾಗ ಕೇಳಬೇಕಾದ ಇನ್ನೊಂದು ಸಣ್ಣ ವಿಷಯವಿದೆ. ಸೂತ್ರ ಹೇಳುವುದು ಮೊದಲ ಕಂತು ಒಂದು ವರ್ಷ ಕಳೆದ ಮೇಲೆ ಎಂದು. ಜೂನ್‌ನಲ್ಲಿ ಚೆಕ್ ಕೊಟ್ಟು ಜುಲೈನ ಸಮಾರಂಭದಲ್ಲೇ ಮೊದಲ ಬಹುಮಾನ ಕೊಡಿಸಬೇಕೆಂದಿದ್ದರೆ ಅಷ್ಟರಲ್ಲಿ ಬಡ್ಡಿ ಹುಟ್ಟಿರುವುದಿಲ್ಲ. ಆ ಹತ್ತು ಸಾವಿರವನ್ನು ಇಡುಗಂಟಿನ ಜೊತೆಗೆ ಬೇರೆಯಾಗಿಯೇ ಕೊಡಬೇಕು, ಇಲ್ಲದಿದ್ದರೆ ಮೊದಲ ಬಹುಮಾನ ಅಸಲಿನಿಂದಲೇ ಹೋಗುತ್ತದೆ.